ಸಾಹುಕಾರ್ತಿಯ ಹಿಂಬಾಗಿಲು

ಆ ಶುಕ್ರವಾರ ಕಾರ್ಖಾನೆಗೆ ರಜೆ. ಸಾಹುಕಾರರ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅದರ ಮೇಲೆ ಸಾಹುಕಾರರು ಕೂತಿದ್ದರು, ಎದುರಿಗೆ ಬಟ್ಟೆ ಕತ್ತರಿಸುವ ಮುದುಕ ಮಾಸ್ತರು, ಕಂಬಕ್ಕೆ ಬೆನ್ನು ಕೊಟ್ಟು ನನ್ನ ಗಂಡನ ಕಾಕಾ. ಒಳಬಾಗಿಲಿನ ಪರದೆಯ ಹಿಂದೆ ಸಾಹುಕಾರ್ತಿ ಮಣೆಯ ಮೇಲೆ, ಅವರ ಪಕ್ಕ ನೆಲದ ಮೇಲೆ ನನ್ನ ಅತ್ತಿ, ಅತ್ತಿಯ ಬೆನ್ನ ಹಿಂದೆ ಸೊಸೆ ನಾನು. ಪರದೆ ಇದ್ದರೂ ಮಾತಿಗೆ ಅಡ್ಡಿ ಇರಲಿಲ್ಲ. ಅಡ್ಡಿ ಮಾಡುವಂಥ ಪರದೆಯನ್ನು ನನ್ನ ಅತ್ತಿಯ ಬಾಯಿಗೆ ಹಾಕುವವರು ತಾಂಡೂರಿನಲ್ಲಿ ಹುಟ್ಟಿರಲಿಲ್ಲ.

ನಾವು ಕೂಡಿದ್ದು ಒಂದು ಬಾಗಿಲಿನ ಸಲುವಾಗಿ.

ಅದು ನಿಜಾಮರ ಕಾಲ, ದೊಡ್ಡ ಯುದ್ಧ ನಡೆದಿತ್ತು. ಸಿಪಾಯಿಗಳಿಗೆ ಖಾಕಿ ಅಂಗಿ ಹೊಲಿದಷ್ಟೂ ಸಾಲದು. ಸಾಹುಕಾರರು ತಮ್ಮ ಹಳೇ ಹತ್ತಿ ಗೋದಾಮನ್ನು ಖಾಲಿ ಮಾಡಿ ಹೊಲಿಗೆ ಮಷೀನು ಇಳಿಸಿದ್ದರು. ಮುಂದಿನ ಅಂಕಣ ಗಂಡಸರದು: ಕತ್ತರಿ ಮೇಜು, ಇಸ್ತ್ರಿ ಮೇಜು, ದೊಡ್ಡ ಹೊಲಿಗೆ. ಹಿಂದಿನ ಅಂಕಣ ಹೆಂಗಸರದು: ಕಾಲರು, ಕಾಜ, ಗುಂಡಿ. ಒಬ್ಬಳು ಮೊಣಕೈ ಎತ್ತಿದರೆ ಪಕ್ಕದವಳಿಗೆ ತಾಕುವಷ್ಟು ಒತ್ತು. ನಡುವೆ ಒಂದು ಬಾಗಿಲು, ಅದಕ್ಕೆ ಗೋಣಿಯ ಪರದೆ. ಬೆಳಿಗ್ಗೆ ಗಂಡಸರು ಬರುವ ಮೊದಲೇ ನಾವು ಮುಂದಿನ ಅಂಕಣ ದಾಟಿ ಒಳಗೆ ಸೇರಬೇಕು, ಸಂಜೆ ಅವರು ಹೋದ ಮೇಲೆ ಹೊರಡಬೇಕು. ಮನೂರಿನಿಂದ ಬಂದು ನೆಲೆಸಿದ ಕುರುಬರ ಹೆಣ್ಣುಮಕ್ಕಳು, ಪೇಟೆಯ ಮುಸಲ್ಮಾನರ ಹೆಣ್ಣುಮಕ್ಕಳು, ನಮ್ಮಂಥ ಬಣಜಿಗರು, ಎಲ್ಲರಿಗೂ ಒಂದೇ ಕಾಯ್ದೆ.

ನಮ್ಮ ಅಂಕಣಕ್ಕೂ ಒಂದು ಹಿಂಬಾಗಿಲು ಇತ್ತು. ಅದಕ್ಕೆ ಹೊರಗಿನಿಂದ ತೆಂಗಿನಕಾಯಿ ಗಾತ್ರದ ಕೀಲಿ. ಕೀಲಿಕೈ ಸಾಹುಕಾರ್ತಿಯ ಸೊಂಟದಲ್ಲಿ. ಒಳಗಿನಿಂದ ನೋಡಿದರೆ ಬಾಗಿಲೇ ಕಾಣುತ್ತಿರಲಿಲ್ಲ, ಖಾಕಿ ದಿಂಡುಗಳನ್ನು ತೊಲೆಯ ತನಕ ಒಟ್ಟಿದ್ದರು.

ಆ ವಾರ ಏನಾಗಿತ್ತೆಂದರೆ, ಇಸ್ತ್ರಿ ಪೆಟ್ಟಿಗೆಯಿಂದ ಒಂದು ಕೆಂಡ ಸಿಡಿದು ಕತ್ತರಿ ಮೇಜಿನ ಕೆಳಗಿನ ಚಿಂದಿಗೆ ಬಿತ್ತು. ಮಾಸ್ತರು ಕುಡಿಯುವ ನೀರಿನ ಹರವಿಯನ್ನೇ ಎತ್ತಿ ಸುರಿದರು, ಆರಿತು. ಅಷ್ಟರಲ್ಲಿ “ಬೆಂಕಿ” ಎಂಬ ಕೂಗು ನಮ್ಮ ಕಡೆ ಬಂತು. ನಾವೆಲ್ಲ ಎದ್ದು ದಿಂಡುಗಳ ಮೇಲೆ ಬಿದ್ದೆವು. ಇಬ್ಬರು ಮೂವರು ದಿಂಡು ಎಳೆದು ಬಾಗಿಲನ್ನು ಬಡಿದರು. ಕೀಲಿಕೈ ಇದ್ದ ಸಾಹುಕಾರ್ತಿ ಅವತ್ತು ಮನೆಯಲ್ಲಿದ್ದರು. ಹೊರಗೆ ಹಿಂಬೀದಿಯಲ್ಲಿ ಕಲ್ಲು ಕಡಿಯುವ ಅಡ್ಡೆಯವರು ನಮ್ಮ ಬಡಿತ ಕೇಳಿ, ಒಳಗೆ ಏನೋ ಹಾಡು-ಕುಣಿತ ನಡೆದಿದೆ ಅಂದುಕೊಂಡರಂತೆ.

ಅತ್ತಿ ಅವತ್ತು ಸಂಜೆ ಉಣ್ಣಲಿಲ್ಲ. ಕಾಲರ್ ಸಾಲಿನಲ್ಲಿ ಗೋಡೆಗೆ ಹತ್ತಿದ ಕೊನೆಯ ಮಷೀನು ಅವಳದು. ಮೊಣಕಾಲು ನೋವಿನ ಹೆಂಗಸು. “ಆ ಬಾಗಲಾ ತೆಗಿಸೋತನ ನಾನು ನನ್ನ ಸೊಸಿನ್ನ ಅದರಾಗ ಕೂಡಸಂಗಿಲ್ಲ” ಎಂದು ಕಾಕಾನ ಮನೆಗೆ ಹೋಗಿ ಕೂತಳು. ಕಾಕಾ ವಾಡಿಯ ಇಂಜಿನ್ ಶೆಡ್ಡಿನಲ್ಲಿ ಜಮಾದಾರನಾಗಿದ್ದು ಪೆನ್ಶನ್ ಆಗಿ ಬಂದವನು. ಅಲ್ಲಿ ಬೆಂಕಿ ಬಂದರೆ ಹೇಗೆ ಹೊರಬೀಳಬೇಕು ಎಂಬುದನ್ನು ಬೆಂಕಿ ಇಲ್ಲದಾಗಲೇ ಮಾಡಿಸುತ್ತಿದ್ದರು. ಹಾಗಾಗಿ ಆ ಶುಕ್ರವಾರದ ಜಮಖಾನ.

ಸಾಹುಕಾರರು ಮೊದಲು ಮಾತಾಡಿದರು. “ಕೀಲಿ ತೆಗೆದ್ರ ನನ್ನ ಥಾನು ಕಾಲು ಬಂದು ನಡದು ಹೋಗ್ತಾವ, ಜಮಾದಾರ. ಇದು ಸರಕಾರಿ ಬಟ್ಟಿ. ಒಂದು ವಾರ ಕಡಿಮಿ ಬಿದ್ರ ನನ್ನ ಕುತ್ತಿಗಿಗೆ ಬರ್ತದ.”

“ಕಳವು ಆಗೂದು ಸಂಜಿಗಿ, ಮನಿಗಿ ಹೋಗೂ ಹೊತ್ತಿಗಿ” ಎಂದ ಕಾಕಾ. “ಆವಾಗ ಎಲ್ಲಾರ ಗಂಟು ಬಿಚ್ಚಿಸಿ ಝಡತಿ ಮಾಡ್ರಿ. ಅವ್ವಾರು ಹೆಂಗಸರದು ನೋಡ್ಲಿ, ನೀವು ಗಂಡಸರದು. ಕೆಲಸ ನಡದಾಗ ಕೀಲಿ ಯಾಕ? ಒಳಗಿಂದು ಅಗಳಿ ಇರ್ಲಿ. ಕೈ ಹಚ್ಚಿದ್ರ ತೆರಿಬೇಕು, ಕೀಲಿಕೈ ಹುಡುಕೂ ಮಾತೇ ಇರಬಾರದು.”

ಪರದೆಯ ಹಿಂದಿನಿಂದ ಸಾಹುಕಾರ್ತಿ: “ಬಟ್ಟಿ ಮಾತು ಬ್ಯಾರೆ. ಆ ಬಾಗಲಾ ತೆರದ್ರ ಮುಂದ ಏನದ? ಫರಸಿ ಕಲ್ಲಿನ ಅಡ್ಡೆ. ಕಲ್ಲ ಕಡಿಯೋರು, ಗಾಡಿಯೋರು, ಅರ್ಧಾ ಮೈಮ್ಯಾಲ ಅರಿವಿ ಇಲ್ದೋರು. ನಾ ಈ ಮನಿಗಿ ಸೊಸಿಯಾಗಿ ಬಂದ ಮ್ಯಾಲ ಆ ಬೀದಿ ಕಲ್ಲು ತುಳಿದಿಲ್ಲ. ಇಷ್ಟು ಮಂದಿ ಹೆಣ್ಣುಮಕ್ಕಳನ್ನ ನಂಬಿಗಿ ಮ್ಯಾಲ ಕಳಸ್ಯಾರ ಅವರ ಮನಿಯವರು.”

“ನಂಬಿಗಿ ಮ್ಯಾಲ ಕಳಸ್ಯಾರ ಖರೆ ಅವ್ವಾರ” ಎಂದಳು ಅತ್ತಿ, “ಸುಟ್ಟ ಬದನಿಕಾಯಿ ಮಾಡಿ ತಿರುಗಿ ಕೊಡ್ತೀನಂದ್ರ ಯಾರೂ ಕಳಸ್ತಿರಲಿಲ್ಲ.”

ಮುದುಕ ಮಾಸ್ತರು ನಗು ತಡೆಯಲಾರದೆ ಕೆಮ್ಮಿದರು. ಅತ್ತಿಯ ಸೆರಗನ್ನು ನಾನು ಹಿಂದಿನಿಂದ ಜಗ್ಗಿದೆ. ಅವಳು ನನ್ನ ಕೈಗೆ ಒಂದು ಏಟು ಕೊಟ್ಟಳು.

ಕೊನೆಗೆ ಸಾಹುಕಾರ್ತಿಯೇ ಒಪ್ಪಿದರು. ಬಾಗಿಲಿನಾಚೆ ಅಡ್ಡವಾಗಿ ಬಿದಿರಿನ ತಟ್ಟಿ ಕಟ್ಟಬೇಕು. ತಟ್ಟಿಗೂ ಬಾಗಿಲಿಗೂ ನಡುವೆ ಹೋಗಲು ದಾರಿ ಬೇಕು. ಆ ಬಾಗಿಲ ಪಕ್ಕ ಬೇರೆ ಯಾರೂ ಅಲ್ಲ, ತಾವೇ ಕೂತುಕೊಳ್ಳುವುದು. “ನನ್ನ ಕಣ್ಣು ತಪ್ಪಿಸಿ ಒಂದು ಇರಿವಿ ಸೈತ ಒಳಗ ಬರಬಾರದು, ಹೊರಗ ಹೋಗಬಾರದು” ಎಂದರು. ಆಗಲೆಂದೆವು.

ಮರುದಿನ ದಿಂಡುಗಳನ್ನು ಸರಿಸಿದಾಗ ಬಾಗಿಲಿನ ನಿಜರೂಪ ಕಂಡಿತು. ಅದು ಒಳಗೆ ತೆರೆಯುವ ಬಾಗಿಲು. ಕಾಕಾ ಹತ್ತು ಜನ ಹೆಂಗಸರನ್ನು ಕರೆದು, “ಹೆದರಿ ಓಡಿ ಬಂದವ್ರಂಗ ಬಾಗಲಿಗಿ ಒತ್ತಿ ನಿಂದ್ರಿ” ಎಂದ. ನಾವು ಒತ್ತಿ ನಿಂತೆವು. “ಈಗ ತೆರೀರಿ.” ತೆರೆಯಲು ಬರಲಿಲ್ಲ; ನಮ್ಮ ಮೈಯೇ ಅದಕ್ಕೆ ಕೀಲಿಯಾಗಿತ್ತು. ಬಡಿಗ ಬಂದು ಬಾಗಿಲನ್ನು ಕಿತ್ತು, ಹೊರಗೆ ತೆರೆಯುವಂತೆ ತಿರುಗಿಸಿ ಕೂಡಿಸಿದ. ದಿಂಡುಗಳು ಮುಂದಿನ ಅಂಕಣದ ಮೂಲೆಗೆ ಹೋದವು. ಸಾಲುಗಳ ನಡುವೆ ನಡೆಯುವಷ್ಟು ದಾರಿಯನ್ನು ಕಾಕಾ ಬಿಡಿಸಿದ. ನೀರಿನ ಬಕೀಟು, ಉಸುಕಿನ ಬಕೀಟು ಗೋಡೆಗೆ ಬಂದವು. ಎಣ್ಣೆ ಒರೆಸಿದ ಚಿಂದಿಗೆ ಮುಚ್ಚಳದ ತಗಡಿನ ಡಬ್ಬಿ. ಮುಂದಿನ ಅಂಕಣದ ತೊಲೆಗೆ ಒಂದು ರೈಲು ಹಳಿಯ ತುಂಡು ನೇತುಬಿತ್ತು. ಅದನ್ನು ಬಡಿದರೆ ಬೆಂಕಿ ಎಂದೇ ಅರ್ಥ. ಊಟಕ್ಕೆ, ರಜೆಗೆ ಅದನ್ನು ಮುಟ್ಟುವಂತಿಲ್ಲ.

ಮೊದಲನೇ ಸಲ ಕಾಕಾ ಹಳಿ ಬಡಿದಾಗಿನ ಚಂದ ನಾನು ಹೇಗೆ ಹೇಳಲಿ!

ಮಷೀನು ನಮಗೆ ಲಕ್ಷ್ಮಿ. ಚಪ್ಪಲಿ ಮೆಟ್ಟಿ ಅದರ ಪಾಯದಾನಕ್ಕೆ ಕಾಲಿಡುವುದಿಲ್ಲ. ಹಿಂಬಾಗಿಲು ಖಾಲಿಯಾಯಿತಲ್ಲ, ಎಲ್ಲರೂ ತಮ್ಮ ಚಪ್ಪಲಿಗಳನ್ನು ಅದರ ಹೊಸ್ತಿಲಲ್ಲೇ ಬಿಟ್ಟಿದ್ದರು. ಹಳಿ ಬಡಿದ ಕೂಡಲೇ ಮುಂದಿನವರು ಬಾಗಿ ಆ ರಾಶಿಯಲ್ಲಿ ತಮ್ಮ ತಮ್ಮ ಜೋಡು ಹುಡುಕತೊಡಗಿದರು. “ಇದು ನಂದಲ್ಲ, ನಂದರ ಉಂಗುಷ್ಟ ಹರದದ.” ಅವರ ಬೆನ್ನ ಮೇಲೆ ಹಿಂದಿನವರು ಬಿದ್ದರು. ಒಬ್ಬಳು ಅರ್ಧ ಹೊಲಿದ ಅಂಗಿ ಮಡಚಿಡಲು ತಿರುಗಿ ಹೋದಳು. ಇನ್ನೊಬ್ಬಳು ರೊಟ್ಟಿ ಬುತ್ತಿ ತೆಗೆದುಕೊಂಡಳು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ನಮ್ಮ ಮರ್ಯಾದೆಯದು. ಹಿರಿಯರು ದಾಟದೆ ಕಿರಿಯರು ಹೊಸ್ತಿಲು ದಾಟುವುದುಂಟೆ? ಸೊಸೆಯರೆಲ್ಲ ಗೋಡೆಗೆ ಸರಿದು ನಿಂತು, “ನೀವು ನಡೀರಿ ಅತ್ತಿ”, “ನೀವು ಮುಂದ ಆಗ್ರಿ ಆಪಾ” ಎನ್ನುತ್ತಿದ್ದರು. ಹಿರಿಯರೆಲ್ಲ, “ಅವ್ವಾರು ಮುಂದ ಆಗ್ಲಿ” ಎಂದು ಸಾಹುಕಾರ್ತಿಯ ಮುಖ ನೋಡುತ್ತಿದ್ದರು. ಸಾಹುಕಾರ್ತಿ ಬಾಗಿಲ ಪಕ್ಕದ ಮಣೆಯಿಂದ ಎದ್ದು, ಹೊಸ್ತಿಲ ತನಕ ಬಂದು, ನಿಂತುಬಿಟ್ಟಿದ್ದರು. ತಟ್ಟಿಯಾಚೆ ಕಲ್ಲು ಕಡಿಯುವ ಸದ್ದು ಟಣ್ ಟಣ್ ಎಂದು ಕೇಳುತ್ತಿತ್ತು.

ಕಾಕಾ ನಡುಬಾಗಿಲಿನ ಗೋಣಿಯಾಚೆಯಿಂದ ಕೂಗಿದ: “ಎಲ್ಲಾರೂ ಹೊರಗ ಬಿದ್ರೇನ್ರವಾ?”

“ಇನ್ನೂ ಯಾರು ಮುಂದ ಅಂತ ನಿಶ್ಚಯ ಆಗಿಲ್ಲೋ ಮೈದುನಾ” ಎಂದಳು ಅತ್ತಿ. “ನೀ ಬೆಂಕಿಗಿ ಜರಾ ಕೂಡು ಅನ್ನು.”

ಆಮೇಲೆ ಕಲಿಸುವುದು ಶುರುವಾಯಿತು. ಬಾಗಿಲಿಗೆ ಹತ್ತಿರ ಕೂತವರು ಮೊದಲು, ಹತ್ತಿರ ಅಷ್ಟೇ ಲೆಕ್ಕ. ಬೆಂಕಿಯ ಮುಂದೆ ಅತ್ತಿಯೂ ಇಲ್ಲ, ಸೊಸಿಯೂ ಇಲ್ಲ. ಚಪ್ಪಲಿಗೆ ಹೊರಗೆ ಗೋಡೆಯ ಗೂಡು. ಹಳಿ ಬಡಿದರೆ ಬರಿಗಾಲು. ಎದ್ದ ಕೂಡಲೇ ಸ್ಟೂಲನ್ನು ಮೇಜಿನ ಕೆಳಗೆ ನೂಕಬೇಕು, ಇಲ್ಲದಿದ್ದರೆ ಹಿಂದಿನವಳು ಎಡವುತ್ತಾಳೆ. ಏನನ್ನೂ ಎತ್ತಿಕೊಳ್ಳಬಾರದು. ಓಡಬಾರದು, ಮುಂದಿನವಳ ಹೆಗಲ ಮೇಲೆ ಕೈ ಇಟ್ಟು ಬಿರುಸಾಗಿ ನಡೆಯಬೇಕು. ಹೊಗೆ ಮೇಲೇರುತ್ತದೆ, ಕೆಳಗಿನ ಗಾಳಿ ಒಳ್ಳೆಯದು, ಬಾಗಿ ನಡೆಯಬೇಕು. ಸೆರಗು ಒದ್ದೆ ಮಾಡಿ ಮೂಗಿಗೆ ಹಿಡಿಯಬೇಕು. ಸಾಲಿನ ಕೊನೆಯವಳು ಮೇಜಿನ ಕೆಳಗೆಲ್ಲ ಕಣ್ಣಾಡಿಸಿ ಬರಬೇಕು, ಹೊರಬಿದ್ದ ಮೇಲೆ ಬಾಗಿಲು ಮುಚ್ಚಬೇಕು, ಬೆಂಕಿಗೆ ಗಾಳಿ ಸಿಗಬಾರದು. ಎಲ್ಲರೂ ಕಲ್ಲಿನ ಅಡ್ಡೆಯಲ್ಲಿ ಕೂಡಬೇಕು, ಅಲ್ಲಿ ತಲೆ ಎಣಿಸಬೇಕು. “ಅಡ್ಡೆನೇ ಯಾಕ?” ಎಂದು ಯಾರೋ ಕೇಳಿದರು. “ಫರಸಿ ಕಲ್ಲಿಗಿ ಬೆಂಕಿ ಹತ್ತಂಗಿಲ್ಲವ್ವ” ಎಂದ ಕಾಕಾ. ಒಮ್ಮೆ ಹೊರಬಿದ್ದವರು ಬಂಗಾರ ಬಿಟ್ಟಿದ್ದರೂ ಮತ್ತೆ ಒಳಗೆ ಹೋಗುವ ಹಾಗಿಲ್ಲ.

ನಮ್ಮ ಸಾಲಿನ ಕೊನೆಯವಳು ಅತ್ತಿಯೇ. ಅವಳ ಮೊಣಕಾಲು ನೋಡಿ, “ಬಾಗಲ ಕಡಿ ಬಾ ವೈನಿ” ಎಂದು ಕಾಕಾ ಹೇಳಿದ. ಅವಳು ಕೇಳಲಿಲ್ಲ. “ನನ್ನ ಮಷೀನು ಇಲ್ಲೇ ಅದ, ನಾನೂ ಇಲ್ಲೇ. ಇಷ್ಟು ಮಂದಿನ್ನ ಹಿಂದಿಂದ ಬೈಯಾಕ ಒಬ್ಬಾಕಿ ಬೇಕು” ಎಂದಳು. ಹೀಗಾಗಿ ನಾನು ದಿನವೂ ಅವಳಿಗಿಂತ ಮುಂದೆ ನಡೆಯಬೇಕಾಯಿತು. ಮನೆಯಲ್ಲಿ ಅವಳು ಚಹಾ ಕುಡಿಯದೆ ನಾನು ಬಟ್ಟಲು ಮುಟ್ಟಿದವಳಲ್ಲ. ನನ್ನ ಕಾಲು ಬರುತ್ತಿರಲಿಲ್ಲ. ಅವಳೇ ಹಿಂದಿನಿಂದ ಗುದ್ದಿ ಗುದ್ದಿ ಕಲಿಸಿದಳು.

ಕಾಕಾ ಹೇಳದೆ ಕೇಳದೆ ಹಳಿ ಬಡಿಯುತ್ತಿದ್ದ. ಒಮ್ಮೆ ಊಟದ ನಡುವೆ, ಒಮ್ಮೆ ಹಾಡಿನ ನಡುವೆ. ದಿನ ಹೋದಂತೆ ನಮ್ಮ ಸಾಲುಗಳು ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗಾದವು. ಆದರೆ ಒಂದು ಕೊರತೆ ಉಳಿಯಿತು. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಕೂತವರು ಸಾಹುಕಾರ್ತಿ. ಅವರು ಅಗಳಿ ತೆಗೆದು ಬಾಗಿಲು ನೂಕುತ್ತಿದ್ದರು, ತಟ್ಟಿಯ ನೆರಳಿನ ತನಕ ಹೋಗಿ ನಿಲ್ಲುತ್ತಿದ್ದರು. ತಟ್ಟಿಯಾಚೆ ಒಂದು ಹೆಜ್ಜೆಯೂ ಇಲ್ಲ. ಅವರನ್ನು ದಾಟಿ ಹೋಗುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇಲ್ಲ. ನಾವು ಅವರ ಉಪ್ಪು ಉಂಡವರು. ಸಾಲೆಲ್ಲ ಅವರ ಬೆನ್ನಿಗೆ ಬಂದು ನಿಲ್ಲುತ್ತಿತ್ತು, ಅರ್ಧ ಮಂದಿ ಇನ್ನೂ ಒಳಗೇ.

“ಅವ್ವಾರ, ನಿಮ್ಮ ಮಣಿ ಬ್ಯಾರೆ ಕಡಿ ಹಾಕ್ಲೇನ್ರಿ?” ಎಂದು ಕಾಕಾ ಕೇಳಿದ.

“ಬಾಗಲಾ ಕಾಯಾಕಿ ನಾ. ಮಣಿ ಅಲ್ಲೇ ಇರ್ಲಿ.”

“ಹಂಗಾದ್ರ ತಟ್ಟಿ ದಾಟ್ರಿ.”

“ಖರೇ ಬೆಂಕಿ ಬಂದಾಗ ದಾಟ್ತೀನೇಳು.”

ಕಾಕಾ ತಲೆ ಕೆರೆದುಕೊಂಡ. ಮನೆಯ ದಾರಿಯಲ್ಲಿ ಅತ್ತಿಯ ಹತ್ತಿರ ಹೇಳಿದ: “ವೈನಿ, ಆಟದಾಗ ಎತ್ತದ ಹೆಜ್ಜಿ ಬೆಂಕ್ಯಾಗ ಏಳಂಗಿಲ್ಲ. ಆಕಿ ನಿಂತ್ರ ನೀವೆಲ್ಲಾ ನಿಂತಂಗ. ಕೀಲಿ ತೆಗಿಸಿದ್ವಿ, ದಿಂಡು ತೆಗಿಸಿದ್ವಿ, ಈಗ ಮನಷೇರೇ ಬಾಗಲಾಗ ಅಡ್ಡ ನಿಂತಂಗಾತು.” ಅವತ್ತಿನಿಂದ ಮಷೀನು ತುಳಿಯುವಾಗ ಹಿಂದೆ ತಿರುಗಿ ಅತ್ತಿಯನ್ನು ನೋಡುತ್ತಿದ್ದೆ, ಮುಂದೆ ತಿರುಗಿ ಸಾಹುಕಾರ್ತಿಯನ್ನು ನೋಡುತ್ತಿದ್ದೆ. ಇವಳ ಜೀವ ಅವರ ಒಂದು ಹೆಜ್ಜೆಯಲ್ಲಿತ್ತು.

ಬೇಸಿಗೆ ಬಂತು. ಅವತ್ತು ಮಧ್ಯಾಹ್ನ ಒಣಗಾಳಿ ಬೀಸುತ್ತಿತ್ತು. ಮುಂದಿನ ಅಂಕಣದಲ್ಲಿ ಇಸ್ತ್ರಿಯವನು ಪೆಟ್ಟಿಗೆಯ ಮುಚ್ಚಳ ತೆಗೆದು ಇದ್ದಲು ಕೆದರುತ್ತಿದ್ದನಂತೆ. ಗಾಳಿ ನುಗ್ಗಿ ಕಿಡಿಗಳನ್ನು ಎತ್ತಿಕೊಂಡು ಹೋಗಿ ಮೂಲೆಯ ದಿಂಡುಗಳ ಸಂದಿಗೆ ಹಾಕಿತು. ಹತ್ತಿದ್ದು ಯಾರಿಗೂ ಕಾಣಲಿಲ್ಲ; ಕಂಡಾಗ ಉಸುಕಿನ ಬಕೀಟಿಗೆ ಬಗ್ಗುವ ಬೆಂಕಿಯಾಗಿರಲಿಲ್ಲ. ಮಾಸ್ತರು ಕತ್ತರಿ ಕೈಬಿಟ್ಟು ಹಳಿ ಬಡಿದರು.

ಮೊದಲು ನಾವು ಕಾಕಾನ ಆಟವೆಂದೇ ಎದ್ದೆವು. ಅದೇ ನಮ್ಮ ಪುಣ್ಯ. ಕೈಗಳು ತಾವಾಗಿ ಸ್ಟೂಲು ನೂಕಿದವು. ಹೆಗಲ ಮೇಲೆ ಕೈ ಬಿತ್ತು. ಆಗ ನಡುಬಾಗಿಲಿನ ಗೋಣಿಯ ಕೆಳಗಿನಿಂದ, ಮೇಲಿನಿಂದ, ಕಂದು ಹೊಗೆ ಒಳಗೆ ಬಂತು. ಯಾರೋ “ಯವ್ವಾ!” ಎಂದರು. ಮುಂದಿನ ಅಂಕಣದ ದಾರಿ ಮುಗಿಯಿತು ಎಂಬುದು ಎಲ್ಲರಿಗೂ ಒಟ್ಟಿಗೇ ತಿಳಿಯಿತು.

“ಬಾಯಿ ಮುಚ್ಚರಿ, ಮೂಗು ಮುಚ್ಚರಿ, ನಡೀರಿ!” ಹಿಂದಿನಿಂದ ಅತ್ತಿಯ ದನಿ.

ಸಾಹುಕಾರ್ತಿ ಅಗಳಿ ತೆಗೆದರು. ಬಾಗಿಲು ಹೊರಗೆ ಹಾರಿತು. ತಟ್ಟಿಯ ನೆರಳಿಗೆ ಹೋದರು. ನಿಂತರು.

ನಾನು ಸಾಲಿನ ನಡುವಿನಲ್ಲಿ ಬಾಗಿ ನಿಂತಿದ್ದೆ. ಯಾರೂ ನೂಕಲಿಲ್ಲ, ಯಾರೂ ಪಕ್ಕದಿಂದ ನುಸುಳಲಿಲ್ಲ. ಕಣ್ಣು ಉರಿಯುತ್ತಿತ್ತು. ಹಿಂದೆ ಅತ್ತಿ ಕೆಮ್ಮುವುದು ಕೇಳಿತು, ಆಮೇಲೆ ಅದೇ ಕೆಮ್ಮಿನ ನಡುವೆ ಅವಳ ಕೂಗು:

“ಅವ್ವಾರ! ನಿಮ್ಮ ಹಿಂದ ನಿಮ್ಮ ಮಕ್ಕಳದಾವ್ರಿ!”

ಸಾಹುಕಾರ್ತಿಗೆ ಹೊಟ್ಟೆಯ ಮಕ್ಕಳಿರಲಿಲ್ಲ. ಅವರು ಒಮ್ಮೆ ತಿರುಗಿ ನೋಡಿದರು. ಬಾಗಿಲೊಳಗೆ ಬಗ್ಗಿದ ನಮ್ಮ ತಲೆಗಳು, ತಲೆಗಳ ಮೇಲೆ ಇಳಿಯುತ್ತಿದ್ದ ಹೊಗೆ. ತಟ್ಟಿಯ ಗಳ ಹಿಡಿದು ಒಂದು ಸಲ ಜಗ್ಗಿದರು. ತಟ್ಟಿ ಸದ್ದು ಮಾಡಿ ಬೀದಿಗೆ ಬಿತ್ತು. ಅದನ್ನೇ ತುಳಿದುಕೊಂಡು, ತಲೆಯ ಸೆರಗು ಹೆಗಲಿಗೆ ಜಾರಿದ್ದನ್ನೂ ನೋಡದೆ, ಬರಿಗಾಲಿನಲ್ಲಿ, ಹಾಡುಹಗಲಲ್ಲಿ, ಕಲ್ಲಿನ ಅಡ್ಡೆಯ ನಡುವೆ ನಡೆದರು. ಕೈ ಮೇಲೆತ್ತಿ, “ಬರ್ರೇ! ಬರ್ರೇ ನನ್ನವ್ವಗಳ್ರಾ! ಬರ್ರಿ!” ಎಂದು ಕೂಗಿದರು. ಅಂಥ ದನಿ ಅವರಿಗೆ ಇದೆಯೆಂದು ಅವರ ಗಂಡನಿಗೂ ಗೊತ್ತಿರಲಿಕ್ಕಿಲ್ಲ.

ಸಾಲು ಹರಿಯಿತು. ಕಟ್ಟಿದ ನೀರು ಬಿಟ್ಟ ಹಾಗೆ. ನಾನು ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ, ಕಾಲಡಿಯ ಕಾದ ಫರಸಿ ಮಾತ್ರ ನೆನಪಿದೆ. ಕಲ್ಲು ಕಡಿಯುವವರು ಒಮ್ಮೆ ಬೆರಗಾಗಿ ನೋಡಿದರು. ಅವರ ಹಿರಿಯ ಏನೋ ಅಂದ, ಎಲ್ಲರೂ ನಮಗೆ ಬೆನ್ನು ಮಾಡಿ ಬಾವಿಯ ಕಡೆ ಓಡಿದರು, ಕೊಡ ತರಲು.

ಸಾಲಿನವರು ಹೊರಬಿದ್ದರು, ಅತ್ತಿ ಮಾತ್ರ ಕಾಣಲಿಲ್ಲ. ಬಾಗಿಲಿನಿಂದ ಹೊಗೆ ಬರುತ್ತಿತ್ತು. ನಾನು ತಿರುಗಿ ಓಡಬೇಕೆಂದು ಎರಡು ಹೆಜ್ಜೆ ಹಾಕಿದೆ. ಸಾಹುಕಾರ್ತಿ ನನ್ನ ರಟ್ಟೆ ಹಿಡಿದರು. “ಹೊರಗ ಬಿದ್ದೋರು ಒಳಗ ಹೋಗಂಗಿಲ್ಲ. ನಿಂದ್ರು!” ಎಂದರು. ಅವರ ಉಗುರು ನನ್ನ ತೋಳಿಗೆ ನಾಟಿತ್ತು.

ಅಷ್ಟರಲ್ಲಿ ಹೊಗೆಯ ಕೆಳಗಿನಿಂದ, ನೆಲಕ್ಕೆ ಹತ್ತಿಕೊಂಡು, ಒಂದು ಒದ್ದೆ ಸೆರಗು ಹೊರಬಂತು. ಅತ್ತಿ ಅಂಬೆಗಾಲಿನಲ್ಲಿ ಬರುತ್ತಿದ್ದಳು. ಹೊಸ್ತಿಲು ದಾಟಿ, ಚೌಕಟ್ಟು ಹಿಡಿದು ಎದ್ದು, ಬಾಗಿಲನ್ನು ಎಳೆದು ಮುಚ್ಚಿದಳು. ಆಮೇಲೆ ನಮ್ಮ ಕಡೆ ತಿರುಗಿ, “ಮೇಜಿನ ಬುಡಕ ಯಾರಿಲ್ಲ” ಎಂದು ಲೆಕ್ಕ ಒಪ್ಪಿಸಿದಳು.

ನಾನು ಅಳುತ್ತಾ ಅವಳನ್ನು ಅಪ್ಪಿಕೊಂಡೆ. “ಬಿಡ, ಬಿಡ” ಎಂದಳು, “ಮೊಣಕಾಲು ಮೊದಲೇ ನೋಯ್ತದ, ನೀ ಬ್ಯಾರೆ ಜೋತು ಬೀಳಬ್ಯಾಡ.”

ಕಲ್ಲಿನ ಚಪ್ಪಡಿಗಳ ನಡುವೆ ನಿಂತು ಸಾಲು ಸಾಲಾಗಿ ತಲೆ ಎಣಿಸಿದೆವು. ಕಾಜದ ಸಾಲು ಪೂರಾ. ಗುಂಡಿಯ ಸಾಲು ಪೂರಾ. ಕಾಲರಿನ ಸಾಲು ಪೂರಾ. ಆ ಕಡೆಯಿಂದ ಮಾಸ್ತರು ಮಸಿ ಹಿಡಿದ ಗಡ್ಡದೊಂದಿಗೆ ಸುತ್ತಿಕೊಂಡು ಓಡಿ ಬಂದರು: “ಹಮಾರೆ ಸಬ್ ಬಾಹರ್! ತುಮಾರೆ?” ಸಾಹುಕಾರ್ತಿ ನೇರ ಅವರ ಮುಖ ನೋಡಿ, “ನಮ್ಮೋರೂ ಎಲ್ಲಾರೂ ಹೊರಗಿದ್ದಾರ್ರಿ, ಮಾಸ್ತರ” ಎಂದರು. ಅವರು ಒಬ್ಬರಿಗೊಬ್ಬರು ಪರದೆಯಿಲ್ಲದೆ ಮಾತಾಡಿದ್ದು ಅದೇ ಮೊದಲು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಆಗ ಯಾರು ಮೊದಲು ನಕ್ಕರೋ. ಒಬ್ಬಳು ನಕ್ಕಳು, ಪಕ್ಕದವಳು ನಕ್ಕಳು, ಇಡೀ ಅಡ್ಡೆ ನಗುವಿನಿಂದ ತುಂಬಿತು. ಮಸಿ ಮುಖ, ಕೆಂಪು ಕಣ್ಣು, ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತಾ ಕುಣಿಯುವವರ ಹಾಗೆ ನಿಂತು ನಾವು ನಕ್ಕೆವು. ಬಾವಿಯಿಂದ ಕಾರ್ಖಾನೆಯ ತನಕ ಕೊಡಗಳ ಸಾಲು ನಿಂತಿತ್ತು. ಕಲ್ಲಿನವರು, ದರ್ಜಿಗಳು, ಕಾಕಾ, ಪೇಟೆಯ ಅರ್ಧ ಗಂಡಸರು. ಮುಂದಿನ ಅಂಕಣದ ದಿಂಡು, ಮೇಜು, ಮಾಡು ಹೋಯಿತು. ನಮ್ಮ ಅಂಕಣಕ್ಕೆ ಮಸಿ ಹಿಡಿದದ್ದು ಬಿಟ್ಟರೆ ಮಷೀನುಗಳೆಲ್ಲ ಉಳಿದವು. ಸಾಹುಕಾರರು ಓಡಿ ಬಂದು ಮೊದಲು ಸುಟ್ಟ ಮಾಡು ನೋಡಿದರು, ಆಮೇಲೆ ನಮ್ಮನ್ನು ನೋಡಿದರು, ಆಮೇಲೆ ಬರಿತಲೆಯ ಹೆಂಡತಿಯನ್ನು ನೋಡಿದರು. ರುಮಾಲು ಬಿಚ್ಚಿ ಕಣ್ಣು ಒರೆಸಿಕೊಂಡರು.

“ಬಟ್ಟಿ ಹೋಯ್ತು” ಎಂದರು ಸಾಹುಕಾರ್ತಿ.

“ಹೋಗ್ಲಿಬಿಡು” ಎಂದರು ಅವರು.

ಮಾಡು ಮತ್ತೆ ಏರಿತು, ಕೆಲಸ ಮತ್ತೆ ನಡೆಯಿತು. ಆ ಮಳೆಗಾಲ ಮುಗಿದ ಮೇಲೆ ಜಹೀರಾಬಾದಿನಲ್ಲಿ ಸಾಹುಕಾರರ ನೆಂಟರೊಬ್ಬರು ಇಂಥದೇ ಒಂದು ಹೊಲಿಗೆ ಶೆಡ್ಡು ತೆರೆದರು. ಹೆಂಗಸರಿಗೆ ಬೆಂಕಿಯ ಪಾಠ ಹೇಳಿಕೊಡಲು ತಾಂಡೂರಿನಿಂದ ಯಾರನ್ನಾದರೂ ಕಳಿಸಿರೆಂದು ಕೇಳಿದರು. ಸಾಹುಕಾರ್ತಿ ತಾವೇ ಹೊರಟರು. ಜೊತೆಗೆ ಅತ್ತಿ, ನಾನು. ಮೋಟಾರಿನಿಂದ ಇಳಿದಾಗ ನೆಂಟರ ಮನೆಯವರು ಬಾಗಿಲಲ್ಲೇ ಬಂದು, “ದಣದು ಬಂದೀರಿ, ಮೊದಲ ಕೂಡ್ರಿ, ಚಹಾ ಆಗ್ಲಿ” ಎಂದರು. ಸಾಹುಕಾರ್ತಿ ಶೆಡ್ಡಿನೊಳಗೆ ಒಂದು ಸುತ್ತು ಹಾಕಿ ಬಂದರು.

“ಹಿಂದಿನ ಬಾಗಲಾಗ ದಿಂಡು ಒಟ್ಟೀರಿ” ಎಂದರು. “ಮೊದಲ ಅವು ಸರೀಲಿ.”

ಆಳುಗಳು ಬಂದು ದಿಂಡು ಸರಿಸಿದರು. ಆಮೇಲೆ ನಾವು ಚಹಾ ಕುಡಿದೆವು.